ಬೇರೆ ಆಫರ್ ಒಪ್ಪಿಕೊಂಡ ಮೇಲೆ ರಿಕ್ರೂಟರ್‌ಗೆ ಬರೆಯುವ ಪತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನಲ್ಲಿ ಬ್ಯಾಕೆಂಡ್ ಎಂಜಿನಿಯರ್. ಕಳೆದ ಸಲ ಕೆಲಸ ಬದಲಿಸುವಾಗ ನಾಲ್ಕು ಕಂಪನಿಗಳಲ್ಲಿ ಒಟ್ಟಿಗೆ ಇಂಟರ್‌ವ್ಯೂ ನಡೆಯುತ್ತಿತ್ತು. ಒಂದು ಕಡೆ ಆಫರ್ ಬಂತು, ಒಪ್ಪಿಕೊಂಡೆ. ಉಳಿದ ಮೂರು ಕಡೆಗೆ "ನಾನು ಹಿಂದೆ ಸರಿಯುತ್ತಿದ್ದೇನೆ" ಅಂತ ಬರೆಯಬೇಕಾಯಿತು. ಆಮೇಲೆ ನಮ್ಮ ಟೀಮಿನ ಕಿರಿಯರು ಒಬ್ಬರಾದ ಮೇಲೆ ಒಬ್ಬರು ಇದೇ ವಿಷಯ ಕೇಳತೊಡಗಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ನನ್ನ ಆ ವಾರವನ್ನೇ ಇಟ್ಟುಕೊಂಡಿದ್ದೇನೆ. ಕಂಪನಿಗಳ ಹೆಸರು ಬೇಡ, ಒಂದನೆಯದು, ಎರಡನೆಯದು ಅಂತಲೇ ಕರೆಯುತ್ತೇನೆ.

ಪತ್ರ ಬರೆಯಲೇಬೇಕಾ? ಸುಮ್ನೆ ಇದ್ದುಬಿಟ್ಟರೆ ಏನಾಗುತ್ತದೆ?

ಬರೆಯಲೇಬೇಕು. ಕಾರಣ ನನಗೆ ಗೊತ್ತಾಗಿದ್ದು ನಾನೇ ಇಂಟರ್‌ವ್ಯೂ ಮಾಡುವ ಕಡೆ ಕುಳಿತಾಗ.

ಒಬ್ಬ ಅಭ್ಯರ್ಥಿಯ ಸಿಸ್ಟಮ್ ಡಿಸೈನ್ ರೌಂಡ್ ಒಂದು ಗಂಟೆಯದು ಅಂತ ಇಟ್ಟುಕೊಳ್ಳಿ. ಅದಕ್ಕೆ ಮೊದಲು ನಾನು ರೆಸ್ಯೂಮೆ ಓದುತ್ತೇನೆ. ಹಿಂದಿನ ರೌಂಡಿನವರು ಬರೆದ ಫೀಡ್‌ಬ್ಯಾಕ್ ನೋಡುತ್ತೇನೆ. ಯಾವ ಪ್ರಶ್ನೆ ಕೇಳಬೇಕು ಅಂತ ಯೋಚಿಸುತ್ತೇನೆ. ಇದಕ್ಕೇ ಅರ್ಧ ಗಂಟೆ ಹೋಗುತ್ತದೆ. ಆ ಹೊತ್ತಿಗೆ ಬರಬೇಕಿದ್ದ ರಿಲೀಸ್ ಕೆಲಸ ಬೇರೆಯವರ ತಲೆ ಮೇಲೆ ಬಿದ್ದಿರುತ್ತದೆ. ವಿಡಿಯೋ ಕಾಲ್‌ಗೆ ಸೇರಿ ಹದಿನೈದು ನಿಮಿಷ ಕಾದು, ಅಭ್ಯರ್ಥಿ ಬರಲಿಲ್ಲ ಅಂತ ಬರೆದು ಎದ್ದುಬಂದ ದಿನಗಳು ನನಗೆ ನೆನಪಿವೆ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಒಂದು ಹುದ್ದೆಗೆ ಸಾಮಾನ್ಯವಾಗಿ ಇಬ್ಬರು ಮೂವರು ಕೊನೆಯ ಹಂತದವರೆಗೆ ಬಂದಿರುತ್ತಾರೆ. ಮೊದಲನೆಯವರದ್ದು ತೀರ್ಮಾನ ಆಗುವವರೆಗೆ ಎರಡನೆಯವರಿಗೆ "ಇನ್ನೂ ನಡೀತಿದೆ, ಸ್ವಲ್ಪ ಕಾಯಿರಿ" ಅಂತ ರಿಕ್ರೂಟರ್ ಹೇಳುತ್ತಿರುತ್ತಾರೆ. ನೀವು ಸುಮ್ಮನಿದ್ದಷ್ಟು ದಿನವೂ ಆ ಇನ್ನೊಬ್ಬರು ಕಾಯುತ್ತಾರೆ. ಹೋದ ತಿಂಗಳು ನೀವೂ ಎಲ್ಲೋ ಹಾಗೇ ಕಾಯುತ್ತಿದ್ದಿರಿ, ಅಲ್ವಾ?

ನಾನೂ ಒಂದು ಸಲ ಈ ತಪ್ಪು ಮಾಡಿದ್ದೇನೆ. ಮೊದಲ ಸಲ ಕೆಲಸ ಬದಲಿಸುವಾಗ ಏನು ಬರೆಯಬೇಕೋ ತಿಳಿಯದೆ ಒಂದು ರೌಂಡಿಗೆ ಹೋಗಲೇ ಇಲ್ಲ, ಫೋನನ್ನೂ ಎತ್ತಲಿಲ್ಲ. ಆ ರಿಕ್ರೂಟರ್ ಎರಡು ದಿನ ಫೋನ್ ಮಾಡಿದ್ದರು. ಅದು ಇವತ್ತಿಗೂ ನನಗೆ ಸರಿ ಅನ್ನಿಸಿಲ್ಲ.

ಯಾವಾಗ ಬರೆಯಬೇಕು?

ಒಪ್ಪಿಕೊಂಡ ಆಫರ್ ಕೈಗೆ ಗಟ್ಟಿಯಾಗಿ ಸಿಕ್ಕ ಮೇಲೆ, ಆದರೆ ಅದೇ ದಿನ.

"ಗಟ್ಟಿಯಾಗಿ" ಅನ್ನುವುದಕ್ಕೆ ಅರ್ಥ ಇದೆ. ಎಚ್‌ಆರ್ ಫೋನಿನಲ್ಲಿ "ನೀವು ಸೆಲೆಕ್ಟ್ ಆಗಿದ್ದೀರಿ" ಅಂದರೆ ಅದು ಆಫರ್ ಅಲ್ಲ. ಕೆಲವು ಕಂಪನಿಗಳು ಮೊದಲು ಲೆಟರ್ ಆಫ್ ಇಂಟೆಂಟ್ ಕಳಿಸುತ್ತವೆ. ಅದರಲ್ಲಿ ಸಂಬಳದ ಒಟ್ಟು ಮೊತ್ತ ಇರುತ್ತದೆ, ಆದರೆ ಪೂರ್ತಿ ಷರತ್ತು ಇರುವುದಿಲ್ಲ. ಅದನ್ನು ನಂಬಿ ಉಳಿದ ಬಾಗಿಲುಗಳನ್ನು ಮುಚ್ಚಬೇಡಿ.

ನನ್ನ ಆಫರ್ ಲೆಟರ್ ಬಂದದ್ದು ಸೋಮವಾರ ಸಂಜೆ. ರಾತ್ರಿ ಕುಳಿತು ನಾಲ್ಕು ವಿಷಯ ನೋಡಿದೆ. ಜಾಯ್ನಿಂಗ್ ದಿನಾಂಕ ನನ್ನ 60 ದಿನದ ನೋಟಿಸ್ ಪಿರಿಯಡ್‌ಗೆ ಹೊಂದುತ್ತದಾ? ಸಿಟಿಸಿಯಲ್ಲಿ ಪ್ರತಿ ತಿಂಗಳು ಕೈಗೆ ಬರುವುದು ಎಷ್ಟು, ವೇರಿಯಬಲ್ ಎಷ್ಟು? ಜಾಯ್ನಿಂಗ್ ಬೋನಸ್ ಇದ್ದರೆ ಎಷ್ಟು ತಿಂಗಳೊಳಗೆ ಬಿಟ್ಟರೆ ವಾಪಸ್ ಕೊಡಬೇಕು? ಕೊನೆಯದು ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್. ಅದರಲ್ಲಿ ಸಿಕ್ಕಿಹಾಕಿಕೊಳ್ಳುವಂಥದ್ದು ನನ್ನ ಕಡೆ ಏನಾದರೂ ಇದೆಯಾ?

ಈ ಕೊನೆಯದನ್ನು ತುಂಬ ಜನ ನೋಡುವುದಿಲ್ಲ. ಹಳೆಯ ಕಂಪನಿಯ ರಿಲೀವಿಂಗ್ ಲೆಟರ್ ಕಳೆದುಹೋಗಿರಬಹುದು. ಪಿಎಫ್ ಖಾತೆಯ ಸರ್ವೀಸ್ ಹಿಸ್ಟರಿಯಲ್ಲಿ ಹಿಂದಿನ ಕಂಪನಿ ಬಿಟ್ಟ ದಿನಾಂಕ ತುಂಬಿರದೇ ಇರಬಹುದು. ಆಗ ಎರಡು ಕಡೆ ಒಟ್ಟಿಗೆ ಕೆಲಸ ಮಾಡಿದ ಹಾಗೆ ಕಾಣುತ್ತದೆ. ನನ್ನದರಲ್ಲಿ ಹಾಗೇ ಆಗಿತ್ತು. ಅಲ್ಲೇ ಎಚ್‌ಆರ್‌ಗೆ ಮೇಲ್ ಹಾಕಿದೆ. ಮಂಗಳವಾರ ಬೆಳಿಗ್ಗೆ "ರಿಲೀವಿಂಗ್ ಲೆಟರ್ ಇದ್ದರೆ ಸಾಕು" ಅಂತ ಬರಹದಲ್ಲಿ ಉತ್ತರ ಬಂತು. ಹನ್ನೊಂದಕ್ಕೆ ಸಹಿ ಹಾಕಿದೆ. ಎರಡೂ ಕಡೆಯ ಸಹಿ ಇರುವ ಪಿಡಿಎಫ್ ಬಂದಾಗ ಹನ್ನೆರಡೂವರೆ. ಊಟಕ್ಕೆ ಹೋಗುವ ಮೊದಲು ಮೂರು ಪತ್ರವನ್ನೂ ಕಳಿಸಿದೆ.

ಒಪ್ಪಿಕೊಂಡ ಕಂಪನಿಯೇ ನಾಳೆ ಆಫರ್ ವಾಪಸ್ ತೆಗೆದುಕೊಂಡರೆ? ಉಳಿದವನ್ನು ಹಾಗೇ ಇಟ್ಟುಕೊಳ್ಳುವುದು ಒಳ್ಳೆಯದಲ್ವಾ?

ಈ ಭಯ ಸುಳ್ಳಲ್ಲ. 2022-23ರಲ್ಲಿ ಸಾಕಷ್ಟು ಫ್ರೆಶರ್‌ಗಳ ಜಾಯ್ನಿಂಗ್ ತಿಂಗಳುಗಟ್ಟಲೆ ಮುಂದೆ ಹೋಯಿತು. ಕೆಲವರ ಆಫರ್ ರದ್ದೂ ಆಯಿತು. 60 ದಿನ, 90 ದಿನದ ನೋಟಿಸ್ ಇರುವ ನಮ್ಮ ಊರಿನಲ್ಲಿ ಆಫರ್‌ಗೂ ಜಾಯ್ನಿಂಗ್‌ಗೂ ನಡುವೆ ಏನು ಬೇಕಾದರೂ ಆಗಬಹುದು.

ಆದರೆ ಲೆಕ್ಕ ಹಾಕಿ ನೋಡಿ. ಎರಡನೆಯ ಕಂಪನಿಯಲ್ಲಿ ನನಗೆ ಉಳಿದಿದ್ದು ಒಂದೇ ರೌಂಡ್. ಅದು ಗುರುವಾರ. ಪಾಸಾಗಿದ್ದರೆ ಹೆಚ್ಚೆಂದರೆ ಒಂದೆರಡು ವಾರದಲ್ಲಿ ಆಫರ್ ಬರುತ್ತಿತ್ತು. ಅವರು ಮೂರು ದಿನದಲ್ಲಿ ಉತ್ತರ ಕೇಳುತ್ತಿದ್ದರು. ನನಗೆ ಆಸರೆ ಬೇಕಿದ್ದದ್ದು 60 ದಿನಕ್ಕೆ, ಅವರು ಕಾಯುತ್ತಿದ್ದದ್ದು ಹೆಚ್ಚೆಂದರೆ 20 ದಿನ. ಉಳಿದ 40 ದಿನ ದಾಟಬೇಕಾದರೆ ಅವರ ಆಫರ್‌ಗೂ ಸಹಿ ಹಾಕಿ, ಕೊನೆಯ ವಾರ ಕೈಕೊಡಬೇಕು. ಅದನ್ನು ನಾನು ಮಾಡುವುದಿಲ್ಲ, ಮಾಡಿ ಅಂತ ಯಾರಿಗೂ ಹೇಳುವುದಿಲ್ಲ.

ನಿಜವಾದ ಆಸರೆ ಅಂದರೆ ಎರಡನೆಯ ಕಂಪನಿಯ ರಿಕ್ರೂಟರ್ ಜೊತೆ ಮಾತು ಕೆಡದೆ ಇರುವುದು. ಒಂದನೆಯದು ಕೈಬಿಟ್ಟರೆ ಮರುದಿನವೇ ಅವರಿಗೆ ಫೋನ್ ಮಾಡಬಹುದು. ಎರಡು ರೌಂಡಿನ ಫೀಡ್‌ಬ್ಯಾಕ್ ಅವರ ಸಿಸ್ಟಮ್‌ನಲ್ಲಿ ಇದ್ದೇ ಇರುತ್ತದೆ.

ಪತ್ರದಲ್ಲಿ ಏನಿರಬೇಕು? ಒಂದು ಮಾದರಿ ಕೊಡಿ.

ಎರಡನೆಯ ಕಂಪನಿಗೆ ನಾನು ಕಳಿಸಿದ್ದು ಇಂಗ್ಲಿಷಿನಲ್ಲಿ, ಏಕೆಂದರೆ ಆ ರಿಕ್ರೂಟರ್ ಪುಣೆಯವರು. ಅದರ ಸಾಲು ಸಾಲೂ ಕನ್ನಡದಲ್ಲಿ ಹೀಗಿದೆ:

> ವಿಷಯ: ಅರ್ಜಿ ಹಿಂತೆಗೆತ – ಸೀನಿಯರ್ ಬ್ಯಾಕೆಂಡ್ ಎಂಜಿನಿಯರ್, ಜಾಬ್ ಐಡಿ …, ಗುರುವಾರ ಸಂಜೆ 4ರ ರೌಂಡ್
>
> ನಮಸ್ಕಾರ … ಅವರೇ,
>
> ನಾನು ಇವತ್ತು ಬೇರೆ ಕಂಪನಿಯ ಆಫರ್ ಒಪ್ಪಿಕೊಂಡಿದ್ದೇನೆ. ಹಾಗಾಗಿ ಮೇಲಿನ ಹುದ್ದೆಗೆ ಹಾಕಿದ್ದ ನನ್ನ ಅರ್ಜಿಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ಇದು ನನ್ನ ಕೊನೆಯ ತೀರ್ಮಾನ.
>
> ಗುರುವಾರ 4 ಗಂಟೆಯ ಹೈರಿಂಗ್ ಮ್ಯಾನೇಜರ್ ರೌಂಡನ್ನು ದಯವಿಟ್ಟು ರದ್ದು ಮಾಡಿ. ಕ್ಯಾಲೆಂಡರ್‌ನಲ್ಲಿ ನಾನೂ ಡಿಕ್ಲೈನ್ ಮಾಡಿದ್ದೇನೆ.
>
> ಎರಡನೆಯ ರೌಂಡಿನಲ್ಲಿ ಪೇಮೆಂಟ್ ರಿಟ್ರೈ ಬಗ್ಗೆ ನಡೆದ ಚರ್ಚೆ ನನಗೆ ತುಂಬ ಹಿಡಿಸಿತು. ಒಂದೇ ಪಾವತಿ ಎರಡು ಸಲ ಕಡಿತವಾಗದಂತೆ ನೋಡಿಕೊಳ್ಳುವ ರೀತಿಯಲ್ಲಿ ನಾನು ಬಿಟ್ಟಿದ್ದ ಒಂದು ಕೊರತೆಯನ್ನು ಅವರು ತೋರಿಸಿಕೊಟ್ಟರು. ಆ ಇಬ್ಬರು ಎಂಜಿನಿಯರ್‌ಗಳಿಗೆ ನನ್ನ ಧನ್ಯವಾದ ತಿಳಿಸಿ.
>
> ನನ್ನ ಹುಡುಕಾಟಕ್ಕೆ ನೀವು ಕೊಟ್ಟ ಸಮಯಕ್ಕೆ ಧನ್ಯವಾದ.
>
> ಹೆಸರು, ಫೋನ್ ನಂಬರ್

ಅಷ್ಟೇ. ವಿಷಯದ ಸಾಲಿನಲ್ಲೇ ಹಿಂತೆಗೆತ, ಹುದ್ದೆ, ರೌಂಡಿನ ಸಮಯ ಮೂರೂ ಇವೆ. ಒಬ್ಬ ರಿಕ್ರೂಟರ್ ಒಟ್ಟಿಗೆ ಹತ್ತಾರು ಹುದ್ದೆ ನೋಡಿಕೊಳ್ಳುತ್ತಿರುತ್ತಾರೆ. ಮೇಲ್ ತೆರೆಯದೆ ಫೋನಿನಲ್ಲಿ ಮೇಲ್ಸಾಲು ಓದಿದರೂ ಏನು ಮಾಡಬೇಕು ಅಂತ ಅವರಿಗೆ ಗೊತ್ತಾಗಬೇಕು.

ಧನ್ಯವಾದದ ಭಾಗದಲ್ಲಿ ನಡೆದ ಒಂದು ಸಂಗತಿಯನ್ನು ಹೆಸರಿಸಿ. ಏನೂ ತೋಚದಿದ್ದರೆ ಆ ಸಾಲು ಬಿಟ್ಟುಬಿಡಿ. ಸುಳ್ಳು ಹೊಗಳಿಕೆ ಬೇಡ. ನಾನು ಬರೆದ ಆ ಸಾಲು ನಿಜಕ್ಕೂ ನಡೆದದ್ದು, ಆ ಕೊರತೆ ನನಗೆ ಮನೆಗೆ ಬಂದ ಮೇಲೂ ತಲೆಯಲ್ಲೇ ಇತ್ತು.

ಪತ್ರವನ್ನು ಹೊಸದಾಗಿ ಕಳಿಸುವ ಬದಲು ಇಂಟರ್‌ವ್ಯೂ ನಿಗದಿಯಾದ ಮೇಲ್‌ಗೇ ರಿಪ್ಲೈ ಆಲ್ ಮಾಡಿ, ಮೇಲ್ಸಾಲನ್ನು ಬದಲಿಸಿ. ಸಮಯ ಗೊತ್ತು ಮಾಡುವ ಕೋ-ಆರ್ಡಿನೇಟರ್ ಅಲ್ಲಿ ಸಿಸಿಯಲ್ಲಿರುತ್ತಾರೆ. ರಿಕ್ರೂಟರ್ ರಜೆಯಲ್ಲಿದ್ದರೂ ಅವರು ನೋಡುತ್ತಾರೆ.

ಯಾವ ಮಾತುಗಳು ಬೇಡ?

"ಸದ್ಯಕ್ಕೆ". ಈ ಒಂದು ಪದ ಎಷ್ಟು ಕೆಲಸ ಕೆಡಿಸುತ್ತದೆ ಅಂತ ನನ್ನ ಗೆಳೆಯನೊಬ್ಬನಿಂದ ತಿಳಿಯಿತು. ಅವನು "ಸದ್ಯಕ್ಕೆ ಮುಂದುವರಿಯಲು ಆಗುತ್ತಿಲ್ಲ" ಅಂತ ಬರೆದ. ಆ ಕಡೆಯವರು ಅವನಿಗೆ ಈ ವಾರ ಪುರುಸೊತ್ತಿಲ್ಲ ಅಂದುಕೊಂಡರು. ರೌಂಡನ್ನು ಮುಂದಿನ ವಾರಕ್ಕೆ ಹಾಕಿದರು. ಅವನು ಮತ್ತೆ ಬರೆಯಬೇಕಾಯಿತು, ಅಷ್ಟರಲ್ಲಿ ಇನ್ನಿಬ್ಬರ ಸಮಯ ಬ್ಲಾಕ್ ಆಗಿತ್ತು. "ಯೋಚಿಸುತ್ತಿದ್ದೇನೆ", "ಆಗಬಹುದೇನೋ ನೋಡೋಣ" ಇವೂ ಹಾಗೇ. ನಾವು ಮರ್ಯಾದೆಗೆ ಬಾಗಿ ಹೇಳುತ್ತೇವೆ, ಓದುವವರು ಬಾಗಿಲು ಅರ್ಧ ತೆರೆದಿದೆ ಅಂತ ತಿಳಿಯುತ್ತಾರೆ.

ಇನ್ನೊಂದು, ದೂರು. ಪ್ರಕ್ರಿಯೆ ನಿಧಾನ ಆಯಿತು, ಮೂರು ಸಲ ಸಮಯ ಬದಲಿಸಿದಿರಿ ಅನ್ನುವುದು ನಿಜವೇ ಇರಬಹುದು. ಅದನ್ನು ಅವರು ಕೇಳಿದರೆ ಹೇಳಿ. ಈ ಪತ್ರದಲ್ಲಿ ಬೇಡ.

ಎಲ್ಲಿಗೆ ಹೋಗುತ್ತಿದ್ದೇನೆ, ಎಷ್ಟು ಸಂಬಳ ಅಂತ ಹೇಳಬೇಕಾ?

ಬೇಡ. ಕೇಳಿದರೆ "ಸೇರಿದ ಮೇಲೆ ಹೇಳುತ್ತೇನೆ" ಅಂದರೆ ಸಾಕು. ಯಾರೂ ತಪ್ಪು ತಿಳಿಯುವುದಿಲ್ಲ.

ಪತ್ರ ನೋಡಿ ರಿಕ್ರೂಟರ್ ಫೋನ್ ಮಾಡಿ "ನಾವು ಜಾಸ್ತಿ ಕೊಡುತ್ತೇವೆ" ಅಂದರೆ?

ನನಗೆ ಇಪ್ಪತ್ತು ನಿಮಿಷದಲ್ಲೇ ಫೋನ್ ಬಂತು. ಮಾತು ಹೆಚ್ಚುಕಡಿಮೆ ಹೀಗಿತ್ತು:

"ಅವರು ಎಷ್ಟು ಕೊಡ್ತಿದಾರೆ ಹೇಳಿ, ನಾನು ಮ್ಯಾನೇಜರ್ ಹತ್ರ ಮಾತಾಡ್ತೀನಿ."

"ಮೇಡಂ, ಸಹಿ ಹಾಕಿಯಾಯ್ತು. ಇನ್ನು ಸಂಬಳದ ಮಾತು ಇಲ್ಲ. ನೀವು ಕೇಳಿದ್ದಕ್ಕೆ ಥ್ಯಾಂಕ್ಸ್."

"ಗುರುವಾರದ ರೌಂಡ್ ಒಂದು ಮುಗಿಸಿ ನೋಡಬಹುದಲ್ವಾ?"

"ಬೇಡ ಮೇಡಂ. ಆ ಸ್ಲಾಟ್ ಬೇರೆಯವರಿಗೆ ಕೊಡಿ."

ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ, ಇನ್ನೊಬ್ಬರು ಎರಡು ರೌಂಡ್ ಮುಗಿಸಿ ಎರಡು ವಾರದಿಂದ ಕಾಯುತ್ತಿದ್ದಾರೆ, ಅವರನ್ನೇ ಕರೆಯುತ್ತೇನೆ ಅಂದರು. ಫೋನ್ ಇಟ್ಟ ಮೇಲೆ ನನಗೆ ನಿರಾಳವಾಯಿತು.

ಹಣದ ಮಾತು ಆಡಬೇಕಿದ್ದರೆ ಅದಕ್ಕೆ ಸಮಯ ಇದೆ: ಆಫರ್ ಬಂದು ಸಹಿ ಹಾಕುವ ಮೊದಲು. ನಿಜಕ್ಕೂ ಎರಡನೆಯ ಕಂಪನಿಯೇ ಇಷ್ಟ ಅಂತಿದ್ದರೆ ಸೋಮವಾರ ಸಂಜೆಯೇ ಅವರಿಗೆ ಫೋನ್ ಮಾಡಿ, "ನನ್ನ ಕೈಯಲ್ಲಿ ಆಫರ್ ಇದೆ, ಬುಧವಾರದೊಳಗೆ ಉತ್ತರ ಕೊಡಬೇಕು, ರೌಂಡನ್ನು ನಾಳೆಗೆ ತರಲು ಆಗುತ್ತದಾ?" ಅಂತ ಕೇಳಬೇಕಿತ್ತು. ಅದು ಪ್ರಾಮಾಣಿಕ. ಹಿಂತೆಗೆತದ ಪತ್ರವನ್ನೇ ಚೌಕಾಸಿಗೆ ಬಳಸುವುದು ಪ್ರಾಮಾಣಿಕ ಅಲ್ಲ.

ಕನ್ಸಲ್ಟೆನ್ಸಿ ಮೂಲಕ ಹೋಗಿದ್ದರೆ ಯಾರಿಗೆ ಬರೆಯಬೇಕು?

ಮೊದಲು ಕನ್ಸಲ್ಟೆಂಟ್‌ಗೆ. ನನ್ನ ಮೂರನೆಯ ಅರ್ಜಿ ಹೀಗೇ ಹೋಗಿತ್ತು, ಮೊದಲ ರೌಂಡ್ ಕೂಡ ಆಗಿರಲಿಲ್ಲ. ಕನ್ಸಲ್ಟೆಂಟ್‌ಗೆ ಹಣ ಬರುವುದು ಸಾಮಾನ್ಯವಾಗಿ ಅಭ್ಯರ್ಥಿ ಸೇರಿದ ಮೇಲೆ. ಅವರನ್ನು ದಾಟಿ ನೇರ ಕಂಪನಿಗೆ ಬರೆದರೆ ಕಂಪನಿಯ ಎದುರು ಅವರಿಗೆ ಮುಜುಗರ ಆಗುತ್ತದೆ. ನಾಲ್ಕು ಸಾಲಿನ ಮೇಲ್ ಸಾಕು: ಬೇರೆ ಆಫರ್ ಒಪ್ಪಿದ್ದೇನೆ, ಇಂಥ ಕಂಪನಿಯ ಇಂಥ ಹುದ್ದೆಯಿಂದ ನನ್ನ ಪ್ರೊಫೈಲ್ ಹಿಂತೆಗೆಯಿರಿ, ಅವರಿಗೆ ತಿಳಿಸಿದ ಮೇಲೆ ನನಗೊಂದು ಮಾತು ಹೇಳಿ.

ಆ ಕೊನೆಯ ಸಾಲು ಬಿಡಬೇಡಿ. ಕೆಲವು ಕನ್ಸಲ್ಟೆಂಟ್‌ಗಳು ನಿಮ್ಮ ಮನಸ್ಸು ಬದಲಾಗಬಹುದು ಅಂತ ಕಂಪನಿಗೆ ಹೇಳದೆ ಇಟ್ಟುಕೊಳ್ಳುತ್ತಾರೆ. ಎರಡು ದಿನ ಕಳೆದರೂ ಕಂಪನಿಯಿಂದ ಇಂಟರ್‌ವ್ಯೂ ಮೇಲ್ ಬರುತ್ತಿದ್ದರೆ ಸುದ್ದಿ ತಲುಪಿಲ್ಲ ಅಂತ ತಿಳಿಯಿರಿ. ಆಗ ಆ ಮೇಲ್‌ಗೇ ಉತ್ತರಿಸಿ, ಕನ್ಸಲ್ಟೆಂಟ್‌ರನ್ನು ಸಿಸಿಯಲ್ಲಿ ಇಡಿ.

ಗೆಳೆಯರು ರೆಫರ್ ಮಾಡಿದ್ದರೆ?

ಅವರಿಗೆ ಮೊದಲು ಫೋನ್ ಮಾಡಿ, ಆಮೇಲೆ ಮೇಲ್ ಕಳಿಸಿ. ರಿಕ್ರೂಟರ್ ಬಾಯಿಂದ ಅವರಿಗೆ ವಿಷಯ ಗೊತ್ತಾಗಬಾರದು. ತಮ್ಮ ಮ್ಯಾನೇಜರ್ ಹತ್ತಿರ ನಿಮ್ಮ ಬಗ್ಗೆ ಒಳ್ಳೆಯ ಮಾತು ಹೇಳಿರುತ್ತಾರೆ.

ಮನೆಯಲ್ಲಿ ಮಾಡುವ ಅಸೈನ್‌ಮೆಂಟ್ ಅರ್ಧ ಆಗಿದ್ದರೆ?

ನನ್ನ ನಾಲ್ಕನೆಯ ಅರ್ಜಿ ಇದೇ. ಒಂದು ಪ್ರೈವೇಟ್ ರೆಪೊ ಕೊಟ್ಟಿದ್ದರು, ಭಾನುವಾರದೊಳಗೆ ಕೋಡ್ ಹಾಕಬೇಕಿತ್ತು. ನಾನು ಅದನ್ನು ಮುಗಿಸಲಿಲ್ಲ. "ಅಸೈನ್‌ಮೆಂಟ್ ಕಳಿಸುವುದಿಲ್ಲ, ರೆಪೊದಿಂದ ನನ್ನ ಆಕ್ಸೆಸ್ ತೆಗೆಯಬಹುದು" ಅಂತ ಒಂದು ಸಾಲು ಸೇರಿಸಿದೆ. ಪ್ರಶ್ನೆಯನ್ನು ನನ್ನ ಪಬ್ಲಿಕ್ ಗಿಟ್‌ಹಬ್‌ಗೆ ಹಾಕಲಿಲ್ಲ. ಮುಂದಿನವರಿಗೂ ಅದೇ ಪ್ರಶ್ನೆ ಕೊಡುತ್ತಾರೆ.

ಪೋರ್ಟಲ್‌ನಲ್ಲಿ `Withdraw application` ಒತ್ತಿದರೆ ಸಾಲದಾ?

ಅರ್ಜಿ ಹಾಕಿ ಇನ್ನೂ ಯಾರೂ ಮಾತಾಡಿಸಿಲ್ಲ ಅಂದರೆ ಸಾಕು. ಒಬ್ಬ ಮನುಷ್ಯ ನಿಮ್ಮ ಜೊತೆ ಮಾತಾಡಿದ್ದರೆ ಸಾಲದು. ಆ ಬಟನ್ ಒತ್ತಿದ ತಕ್ಷಣ ಕ್ಯಾಲೆಂಡರ್‌ನಲ್ಲಿರುವ ರೌಂಡ್ ತಾನೇ ರದ್ದಾಗುತ್ತದೆ ಅಂತ ನಂಬಬೇಡಿ. ಮೇಲ್ ಮೊದಲು, ಆಮೇಲೆ ಬಟನ್, ಆಮೇಲೆ ಕ್ಯಾಲೆಂಡರ್ ಡಿಕ್ಲೈನ್. ರೌಂಡಿಗೆ 24 ಗಂಟೆಗಿಂತ ಕಡಿಮೆ ಇದ್ದರೆ ಫೋನ್ ಮಾಡಿ ಅಥವಾ ವಾಟ್ಸಾಪ್‌ನಲ್ಲಿ "ಮೇಲ್ ಕಳಿಸಿದ್ದೇನೆ, ನಾಳೆಯ ರೌಂಡ್ ರದ್ದು ಮಾಡಬೇಕು" ಅಂತ ಹಾಕಿ.

ಮುಂದೆ ಅದೇ ಕಂಪನಿಗೆ ಮತ್ತೆ ಅರ್ಜಿ ಹಾಕಬಹುದಾ?

ಹಾಕಬಹುದು. ತಿರಸ್ಕೃತರಾದವರು ಆರು ತಿಂಗಳೋ ಒಂದು ವರ್ಷವೋ ಕಾಯಬೇಕು ಅನ್ನುವ ನಿಯಮ ಹಲವು ಕಂಪನಿಗಳಲ್ಲಿದೆ. ಆದರೆ ಅವರು ಬೇಡ ಅಂದದ್ದು ಬೇರೆ, ನೀವು ಹಿಂದೆ ಸರಿದದ್ದು ಬೇರೆ. ಅರ್ಜಿ ನೋಡಿಕೊಳ್ಳುವ ಸಾಫ್ಟ್‌ವೇರ್‌ಗಳಲ್ಲಿ ಇವೆರಡನ್ನೂ ಬೇರೆ ಬೇರೆ ಕಾರಣವಾಗಿ ದಾಖಲಿಸಲು ಜಾಗ ಇರುತ್ತದೆ. ಪತ್ರ ಬಂದಿದ್ದರೆ ರಿಕ್ರೂಟರ್ ಸರಿಯಾದ ಕಾರಣ ಹಾಕುತ್ತಾರೆ. ಪತ್ರ ಬರದೆ, ಅಭ್ಯರ್ಥಿಯೂ ಬರದಿದ್ದರೆ, ಬರಲಿಲ್ಲ ಅಂತಲೇ ಹಾಕುತ್ತಾರೆ. ಎರಡು ವರ್ಷ ಬಿಟ್ಟು ಬೇರೊಬ್ಬ ರಿಕ್ರೂಟರ್ ನಿಮ್ಮ ಹೆಸರು ಹುಡುಕಿದಾಗ ಮೊದಲು ಕಾಣುವುದು ಆ ಸಾಲೇ.

ಇವರ ಆಫರ್‌ಗೂ ಸಹಿ ಹಾಕಿದ್ದೇನೆ. ಈಗ ಬೇರೆಯದು ಒಪ್ಪಿಕೊಂಡೆ. ಇದೇ ಪತ್ರ ಸಾಕಾ?

ಸಾಲದು. ಇದು ಅರ್ಜಿ ಹಿಂತೆಗೆತ ಅಲ್ಲ, ಕೊಟ್ಟ ಮಾತು ಹಿಂತೆಗೆತ. 1872ರ ಭಾರತೀಯ ಕರಾರು ಕಾಯ್ದೆ ಪ್ರಕಾರ ಒಪ್ಪಿಗೆಯನ್ನು ಅದು ಎದುರಿನವರಿಗೆ ತಲುಪುವ ಮೊದಲು ಮಾತ್ರ ವಾಪಸ್ ಪಡೆಯಬಹುದು. ಸಹಿ ಮಾಡಿದ ಆಫರ್ ತಲುಪಿದೆ ಅಂದರೆ ಆ ಹಂತ ದಾಟಿದೆ. ಬಂದು ಕೆಲಸ ಮಾಡಲೇಬೇಕು ಅಂತ ನ್ಯಾಯಾಲಯ ಯಾರನ್ನೂ ಬಲವಂತ ಮಾಡುವುದಿಲ್ಲ. ಆದರೆ ಮುಂಗಡ ಕೊಟ್ಟ ಬೋನಸ್, ಬಾಡಿಗೆ, ಸಾಗಾಟದ ಖರ್ಚು ವಾಪಸ್ ಕೇಳಬಹುದು. ಆದ್ದರಿಂದ ಸಹಿ ಹಾಕಿದ ಕಾಗದವನ್ನು ಮತ್ತೆ ಓದಿ, ಮೊದಲು ಫೋನ್ ಮಾಡಿ ಕ್ಷಮೆ ಕೇಳಿ, ಆಮೇಲೆ ಬರೆಯಿರಿ. ಲ್ಯಾಪ್‌ಟಾಪ್ ಕೊರಿಯರ್ ಆಗಿದ್ದರೆ ಅದನ್ನು ಹೇಗೆ ವಾಪಸ್ ಕಳಿಸುತ್ತೀರಿ ಅಂತ ಅದೇ ಪತ್ರದಲ್ಲಿ ಹೇಳಿ.

ನನ್ನ ಪೇ ಸ್ಲಿಪ್, ಪ್ಯಾನ್, ಆಧಾರ್ ಎಲ್ಲ ಅವರ ಹತ್ತಿರ ಇದೆ. ಏನು ಮಾಡಲಿ?

ಅಳಿಸಿ ಅಂತ ಕೇಳಿ. ಎರಡನೆಯ ಕಂಪನಿಗೆ ನಾನು ಮೂರು ತಿಂಗಳ ಪೇ ಸ್ಲಿಪ್ ಕೊಟ್ಟಿದ್ದೆ. ಮೊದಲ ಪತ್ರದಲ್ಲಿ ಅದನ್ನು ಸೇರಿಸಲಿಲ್ಲ, ಅಲ್ಲಿ ಮುಖ್ಯ ವಿಷಯ ರೌಂಡ್ ರದ್ದಾಗುವುದು. ರೌಂಡ್ ರದ್ದಾಗಿದೆ ಅಂತ ಉತ್ತರ ಬಂದ ಮೇಲೆ ಇನ್ನೊಂದು ಸಾಲು ಕಳಿಸಿದೆ: "ಸಂಬಳದ ಮಾತುಕತೆಗೆ ಕೊಟ್ಟಿದ್ದ ಪೇ ಸ್ಲಿಪ್‌ಗಳನ್ನು ಅಳಿಸಿ, ಅಳಿಸಿದ ಮೇಲೆ ತಿಳಿಸಿ. ರೆಸ್ಯೂಮೆ ಮುಂದಿನ ಹುದ್ದೆಗಳಿಗೆ ಇಟ್ಟುಕೊಳ್ಳಬಹುದು." 2023ರಲ್ಲಿ ಸಂಸತ್ತು ಪಾಸು ಮಾಡಿದ ವೈಯಕ್ತಿಕ ಡೇಟಾ ರಕ್ಷಣೆಯ ಕಾಯ್ದೆಯಲ್ಲಿ ಹೀಗೆ ಅಳಿಸಲು ಕೇಳುವ ಹಕ್ಕು ಇದೆ. ನಾನು ಕಾಯ್ದೆಯ ಹೆಸರು ಎತ್ತಲಿಲ್ಲ. ಮೂರನೆಯ ದಿನ "ಅಳಿಸಿದ್ದೇವೆ" ಅಂತ ಉತ್ತರ ಬಂತು.

ಪತ್ರಕ್ಕೆ ಉತ್ತರವೇ ಬರಲಿಲ್ಲ. ಮತ್ತೆ ಬರೆಯಬೇಕಾ?

ಕ್ಯಾಲೆಂಡರ್ ನೋಡಿ. ರೌಂಡ್ ಅಲ್ಲಿಂದ ಹೋಗಿದ್ದರೆ ಅದೇ ಉತ್ತರ. ಇನ್ನೂ ಇದ್ದರೆ ಮರುದಿನ ಒಂದು ಫೋನ್.

ಎಲ್ಲರಿಗೂ ಬರೆದಾಯಿತು. ಆದರೂ ಹೊಸ ರಿಕ್ರೂಟರ್‌ಗಳ ಫೋನ್ ನಿಲ್ಲುತ್ತಿಲ್ಲ.

ನೌಕ್ರಿ, ಲಿಂಕ್ಡ್‌ಇನ್ ಪ್ರೊಫೈಲ್ ಇನ್ನೂ ಕೆಲಸ ಹುಡುಕುತ್ತಿದ್ದೇನೆ ಅನ್ನುತ್ತಿರುತ್ತವೆ. ಲಿಂಕ್ಡ್‌ಇನ್‌ನಲ್ಲಿ `Open to work` ತೆಗೆಯಿರಿ. ನೌಕ್ರಿಯಲ್ಲಿ ನೋಟಿಸ್ ಪಿರಿಯಡ್ ನಡೆಯುತ್ತಿದೆ ಅಂತ ಹಾಕಿದ್ದರೆ ಫೋನ್ ಜಾಸ್ತಿಯೇ ಬರುತ್ತದೆ, ಏಕೆಂದರೆ ಬೇಗ ಸೇರುವವರನ್ನೇ ಎಲ್ಲರೂ ಹುಡುಕುತ್ತಾರೆ. ಪ್ರೊಫೈಲ್ ಮರೆ ಮಾಡುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ. ನಾನು ಬುಧವಾರ ರಾತ್ರಿ ಮಾಡಿದೆ. ಶುಕ್ರವಾರದ ಹೊತ್ತಿಗೆ ಫೋನ್ ಬರುವುದು ನಿಂತಿತು.